ಪ್ರತಿವರ್ಷ ಏರುವ ಪಾವತಿಗಳ ಇಂದಿನ ಮೌಲ್ಯ: ಬೆಳೆಯುವ ವರ್ಷಾಶನ ಸೂತ್ರದ ಸಮಗ್ರ ಮಾರ್ಗದರ್ಶಿ

ಒಂದು ಕಟ್ಟಡವನ್ನು ಹತ್ತು ವರ್ಷಗಳ ಗುತ್ತಿಗೆಗೆ ಕೊಟ್ಟಿರುವ ಕರಾರು ನಿಮ್ಮ ಮುಂದಿದೆ ಎಂದುಕೊಳ್ಳಿ. ಮೊದಲ ವರ್ಷದ ಬಾಡಿಗೆ 1,00,000. ಅದು ವರ್ಷದ ಕೊನೆಯ ದಿನ ಒಂದೇ ಕಂತಿನಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಪ್ರತಿವರ್ಷವೂ ಹಿಂದಿನ ವರ್ಷದ ಬಾಡಿಗೆಯ ಮೇಲೆ ಶೇ. 5ರಷ್ಟು ಏರಿಕೆ ಇದೆ. ಇಷ್ಟೇ ಅಪಾಯವಿರುವ ಬೇರೊಂದು ಕಡೆ ಹಣ ತೊಡಗಿಸಿದರೆ ವರ್ಷಕ್ಕೆ ಶೇ. 9 ಗಳಿಸಬಹುದು. ಈ ಹತ್ತು ವರ್ಷಗಳ ಬಾಡಿಗೆಯ ಹಕ್ಕನ್ನು ಯಾರಾದರೂ ಇಂದೇ ಒಟ್ಟಿಗೆ ಕೊಂಡುಕೊಳ್ಳಲು ಬಂದರೆ ಎಷ್ಟು ಕೇಳುವುದು ನ್ಯಾಯ? ಹತ್ತೂ ವರ್ಷಗಳ ಬಾಡಿಗೆಯನ್ನು ಸುಮ್ಮನೆ ಕೂಡಿದರೆ 12,57,789 ಆಗುತ್ತದೆ. ಆದರೆ ಹತ್ತನೆಯ ವರ್ಷದ ಕೊನೆಯಲ್ಲಿ ಕೈಸೇರುವ ಹಣಕ್ಕೆ ಇಂದು ಕೈಯಲ್ಲಿರುವ ಹಣದಷ್ಟು ಬೆಲೆಯಿಲ್ಲವಾದ್ದರಿಂದ ಆ ಮೊತ್ತ ಉತ್ತರವಾಗಲಾರದು.

ಇಂಥ ಪಾವತಿಗಳ ಸಾಲನ್ನು ಬೆಳೆಯುವ ವರ್ಷಾಶನ ಎನ್ನುತ್ತಾರೆ. ಅದರ ಇಂದಿನ ಮೌಲ್ಯವನ್ನು ಕೊಡುವ ಸೂತ್ರ ಹೀಗಿದೆ:

```
PV = C / (r − g) × [ 1 − ((1 + g) / (1 + r))^n ]
```

ಇಲ್ಲಿ `C` ಎಂದರೆ ಮೊದಲ ಪಾವತಿ, `g` ವಾರ್ಷಿಕ ಏರಿಕೆಯ ದರ, `r` ಡಿಸ್ಕೌಂಟ್ ದರ, ಅಂದರೆ ಇಷ್ಟೇ ಅಪಾಯವಿರುವ ಬೇರೊಂದು ಕಡೆ ಹಣ ಗಳಿಸಬಹುದಾದ ದರ, `n` ಪಾವತಿಗಳ ಸಂಖ್ಯೆ. ಸೂತ್ರ ಚಿಕ್ಕದು, ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಆದರೂ ತಪ್ಪು ಉತ್ತರಗಳು ಧಾರಾಳವಾಗಿ ಬರುತ್ತವೆ, ಮತ್ತು ನಾನು ಕಂಡಂತೆ ಅವುಗಳಲ್ಲಿ ಬಹುಪಾಲು ಲೆಕ್ಕ ಮಾಡುವಾಗ ಆಗುವ ತಪ್ಪುಗಳಲ್ಲ. ಯಾವ ಮೊತ್ತ ಯಾವ ದಿನಕ್ಕೆ ಸೇರಿದ್ದು ಎಂಬುದನ್ನು ನಿರ್ಧರಿಸದೆಯೇ ಸಂಖ್ಯೆಗಳನ್ನು ಸೂತ್ರಕ್ಕೆ ತುಂಬುವುದರಿಂದ ಅವು ಹುಟ್ಟುತ್ತವೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಕಾಲದ ವಿಚಾರಕ್ಕೇ ಮೀಸಲು.

ಮೊದಲ ಹೆಜ್ಜೆ: ಕಾಲರೇಖೆಯನ್ನು ಬರೆಯುವುದು

ಕಾಗದದ ಮೇಲೆ ಒಂದು ಗೆರೆ ಎಳೆದು ಅದರ ಎಡತುದಿಗೆ 0 ಎಂದೂ, ಸಮಾನ ಅಂತರದಲ್ಲಿ 1, 2, 3 ಎಂದು 10ರವರೆಗೂ ಗುರುತು ಹಾಕಿ. 0 ಎಂದರೆ ಇಂದು. 1 ಎಂದರೆ ಇಂದಿನಿಂದ ಸರಿಯಾಗಿ ಒಂದು ವರ್ಷದ ನಂತರದ ದಿನ, ಅಂದರೆ ಮೊದಲ ವರ್ಷದ ಕೊನೆ. ಈ ಗುರುತುಗಳು ದಿನಗಳನ್ನು ಸೂಚಿಸುತ್ತವೆ, ವರ್ಷಗಳನ್ನಲ್ಲ. ವರ್ಷ ಎಂಬುದು ಎರಡು ಗುರುತುಗಳ ನಡುವಿನ ಅಂತರ. ಇದನ್ನು ಮರೆತವರು "ಎರಡನೆಯ ವರ್ಷ" ಎಂಬ ಮಾತು ಬಂದಾಗ ಪಾವತಿಯನ್ನು ಕೆಲವೊಮ್ಮೆ 1ರ ಮೇಲೆ, ಕೆಲವೊಮ್ಮೆ 2ರ ಮೇಲೆ ಬರೆದು ಗೊಂದಲಕ್ಕೆ ಬೀಳುತ್ತಾರೆ.

ನಮ್ಮ ಕರಾರಿನಲ್ಲಿ 1ರ ಮೇಲೆ 1,00,000, 2ರ ಮೇಲೆ 1,05,000, 3ರ ಮೇಲೆ 1,10,250 ಬರುತ್ತವೆ. ಹೀಗೇ ಸಾಗಿ 10ರ ಮೇಲೆ 1,55,133 ಬರುತ್ತದೆ. 0ರ ಮೇಲೆ ಏನೂ ಇಲ್ಲ. ಕೊನೆಯ ಮೊತ್ತವನ್ನು ಗಮನಿಸಿ: 1,00,000ವನ್ನು 1.05ರಿಂದ ಒಂಬತ್ತು ಬಾರಿ ಗುಣಿಸಿದರೆ 1,55,133 ಸಿಗುತ್ತದೆ, ಹತ್ತು ಬಾರಿಯಲ್ಲ. ಪಾವತಿಗಳು ಹತ್ತಾದರೂ ಅವುಗಳ ನಡುವಿನ ಏರಿಕೆಗಳು ಒಂಬತ್ತೇ. ಹಾಗಿದ್ದರೆ ಸೂತ್ರದಲ್ಲಿ ಘಾತ 9 ಆಗದೆ 10 ಏಕೆ ಆಗಿದೆ ಎಂಬ ಸಂದೇಹ ಸಹಜವಾಗಿಯೇ ಏಳುತ್ತದೆ, ಮತ್ತು ಆ ಸಂದೇಹಕ್ಕೆ ಉತ್ತರ ಸಿಕ್ಕಿದರೆ ಸೂತ್ರ ಇಡಿಯಾಗಿ ಅರ್ಥವಾದಂತೆ.

ಸೂತ್ರ ಎಲ್ಲಿಂದ ಬಂತು

ಪ್ರತಿ ಪಾವತಿಯನ್ನೂ ಇಂದಿನ ಮೌಲ್ಯಕ್ಕೆ ಇಳಿಸೋಣ. ಮೊದಲನೆಯದನ್ನು 1.09ರಿಂದ ಒಮ್ಮೆ, ಎರಡನೆಯದನ್ನು ಎರಡು ಬಾರಿ, ಹತ್ತನೆಯದನ್ನು ಹತ್ತು ಬಾರಿ ಭಾಗಿಸಬೇಕು.

| ದಿನ | ಬಾಡಿಗೆ | ಇಂದಿನ ಮೌಲ್ಯ |
|---|---|---|
| 1 | 1,00,000 | 91,743 |
| 2 | 1,05,000 | 88,376 |
| 3 | 1,10,250 | 85,133 |
| 4 | 1,15,763 | 82,009 |
| 5 | 1,21,551 | 79,000 |
| 6 | 1,27,628 | 76,100 |
| 7 | 1,34,010 | 73,308 |
| 8 | 1,40,710 | 70,618 |
| 9 | 1,47,746 | 68,026 |
| 10 | 1,55,133 | 65,530 |

ಬಾಡಿಗೆ ಏರುತ್ತಾ ಹೋದರೂ ಮೂರನೆಯ ಕಂಬಸಾಲು ಇಳಿಯುತ್ತಾ ಹೋಗುತ್ತದೆ, ಏಕೆಂದರೆ ಒಂದೊಂದು ಹೆಜ್ಜೆಗೂ ಮೊತ್ತ 1.05ರಿಂದ ಹಿಗ್ಗಿ 1.09ರಿಂದ ಕುಗ್ಗುತ್ತದೆ. ಎರಡೂ ಸೇರಿದರೆ ಸಿಗುವ ಅನುಪಾತ 1.05/1.09, ಅಂದರೆ 0.9633. ಶಾಲೆಯಲ್ಲಿ ಕಲಿತ ಗುಣೋತ್ತರ ಶ್ರೇಢಿಯೇ ಇದು: ಮೊದಲ ಪದ 91,743, ಸಾಮಾನ್ಯ ಅನುಪಾತ 0.9633, ಪದಗಳು ಹತ್ತು. ಅದರ ಮೊತ್ತದ ಸೂತ್ರವನ್ನು ಬರೆದು ಸರಳಗೊಳಿಸಿದರೆ ಮೇಲಿನ ಸೂತ್ರ ದೊರೆಯುತ್ತದೆ. ಕೋಷ್ಟಕದ ಕೊನೆಯ ಕಂಬಸಾಲನ್ನು ನೇರವಾಗಿ ಕೂಡಿದರೆ 7,79,843 ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಬೀಜಗಣಿತದ ಈ ದಾರಿ ಸರಿಯೇ ಹೌದು, ಆದರೆ ಅದು ಘಾತದ ಸಂದೇಹವನ್ನು ಬಗೆಹರಿಸುವುದಿಲ್ಲ. ಅದಕ್ಕೆ ಇನ್ನೊಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ಬಾಡಿಗೆ ಹತ್ತು ವರ್ಷಕ್ಕೆ ನಿಲ್ಲದೆ ಶೇ. 5ರಂತೆ ಏರುತ್ತಾ ಎಂದೆಂದಿಗೂ ಬರುತ್ತಲೇ ಇರುತ್ತದೆ ಎಂದು ಊಹಿಸಿ. `r` ದರವು `g`ಗಿಂತ ಹೆಚ್ಚಿದ್ದಾಗ ಅಂಥ ಕೊನೆಯಿಲ್ಲದ ಸಾಲಿನ ಇಂದಿನ ಮೌಲ್ಯ `C / (r − g)`, ಅಂದರೆ 1,00,000 ÷ 0.04 = 25,00,000. ಇದರಲ್ಲಿ ನಮ್ಮದು ಮೊದಲ ಹತ್ತು ಪಾವತಿಗಳು ಮಾತ್ರ, ಹನ್ನೊಂದನೆಯದರಿಂದ ಮುಂದಿನವು ನಮಗೆ ಸೇರಿದವಲ್ಲ. ಅವುಗಳನ್ನು ಕಳೆಯಬೇಕು.

ಹನ್ನೊಂದನೆಯ ಪಾವತಿ ಎಷ್ಟಿರುತ್ತಿತ್ತು? 1,00,000ವನ್ನು 1.05ರಿಂದ ಹತ್ತು ಬಾರಿ ಗುಣಿಸಿದರೆ 1,62,889. ಅದರಿಂದ ಶುರುವಾಗುವ ಕೊನೆಯಿಲ್ಲದ ಸಾಲಿನ ಮೌಲ್ಯ, 10ನೆಯ ದಿನದಲ್ಲಿ ನಿಂತು ನೋಡಿದರೆ, 1,62,889.46 ÷ 0.04 = 40,72,237. ಅದನ್ನು ಹತ್ತು ವರ್ಷ ಹಿಂದಕ್ಕೆ, ಇಂದಿಗೆ ತರಲು 1.09ರ ಹತ್ತನೆಯ ಘಾತವಾದ 2.36736ರಿಂದ ಭಾಗಿಸಿದರೆ 17,20,157. ಈಗ 25,00,000ದಿಂದ 17,20,157 ಕಳೆಯಿರಿ: 7,79,843. ಕೋಷ್ಟಕ ಕೊಟ್ಟ ಉತ್ತರವೇ.

ಸೂತ್ರದ ಆವರಣದೊಳಗಿನ `(1 + g)^n` ಕೊನೆಯ ಪಾವತಿಯ ಏರಿಕೆಯಲ್ಲ ಎಂಬುದು ಈಗ ಸ್ಪಷ್ಟವಾಗಿರಬೇಕು. ಅದು ನಮಗೆ ಬಾರದೇ ಹೋಗುವ ಮೊದಲ ಪಾವತಿಯ, ಅಂದರೆ ಹನ್ನೊಂದನೆಯದರ ಏರಿಕೆ. ಘಾತವನ್ನು 9 ಎಂದು "ತಿದ್ದಿ" ಉತ್ತರ ತೆಗೆದರೆ ಸಿಗುವುದು ಹತ್ತು ಪಾವತಿಗಳ ಮೌಲ್ಯವಲ್ಲ, ಒಂಬತ್ತರ ಮೌಲ್ಯ. ಮೊದಲ ಬಾರಿ ಈ ಸೂತ್ರ ಬಳಸಿದಾಗ ನಾನೂ ಹಾಗೆ ತಿದ್ದಿ, 65,530 ಎಲ್ಲಿ ಸೋರಿಹೋಯಿತು ಎಂದು ಬಹಳ ಹೊತ್ತು ಹುಡುಕಿದ್ದುಂಟು.

ಎರಡನೆಯ ಹೆಜ್ಜೆ: ಲೆಕ್ಕ ಮಾಡುವ ಕ್ರಮ

ಕ್ಯಾಲ್ಕುಲೇಟರ್ ಬಳಸುವಾಗ ಆವರಣದ ಒಳಗಿನಿಂದ ಹೊರಕ್ಕೆ ಬರುವುದು ಒಳ್ಳೆಯದು. ಮೊದಲು 1.05 ÷ 1.09 = 0.96330275. ಇದನ್ನು ಹತ್ತನೆಯ ಘಾತಕ್ಕೇರಿಸಿದರೆ 0.68806269. ಒಂದರಿಂದ ಅದನ್ನು ಕಳೆದರೆ 0.31193731. ದರಗಳ ವ್ಯತ್ಯಾಸವಾದ 0.04ರಿಂದ ಭಾಗಿಸಿದರೆ 7.798433. ಕೊನೆಗೆ ಮೊದಲ ಪಾವತಿಯಿಂದ ಗುಣಿಸಿದರೆ 7,79,843.

ಕೊನೆಯ ಗುಣಾಕಾರಕ್ಕೆ ಮುಂಚೆ ಸಿಗುವ 7.798433 ಎಂಬ ಗುಣಕವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ಮೊದಲ ಪಾವತಿಯ ಎಷ್ಟು ಪಟ್ಟು ಹಣ ಇಂದು ಕೈಗೆ ಬಂದರೆ ಸಮ ಎಂಬುದನ್ನು ಅದು ಹೇಳುತ್ತದೆ. ಅದನ್ನು ಒರೆಗೆ ಹಚ್ಚುವುದೂ ಸುಲಭ: `g` ಸೊನ್ನೆಯಾಗಿದ್ದರೆ, ಅಂದರೆ ಬಾಡಿಗೆ ಏರದೆ ಇದ್ದರೆ, ಗುಣಕ 6.4177 ಆಗುತ್ತಿತ್ತು, `g` ಡಿಸ್ಕೌಂಟ್ ದರಕ್ಕೆ ಸಮನಾಗಿದ್ದರೆ 10 ÷ 1.09 = 9.1743. ನಮ್ಮ ಏರಿಕೆ ದರ ಸೊನ್ನೆಗೂ ಶೇ. 9ಕ್ಕೂ ನಡುವೆ ಇರುವುದರಿಂದ ಗುಣಕವೂ ಈ ಎರಡರ ನಡುವೆ ಇರಲೇಬೇಕು. ಆ ಮಿತಿಯಿಂದ ಹೊರಗೆ ಬಿದ್ದರೆ ಎಲ್ಲೋ ಆವರಣ ತಪ್ಪಿದೆ ಎಂದೇ ತಿಳಿಯಬೇಕು.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆಯೂ ಇದೆ. 7,79,843ನ್ನು ಶೇ. 9 ಬಡ್ಡಿ ಕೊಡುವ ಖಾತೆಯಲ್ಲಿಟ್ಟು, ಪ್ರತಿವರ್ಷದ ಕೊನೆಯಲ್ಲಿ ಬಾಡಿಗೆಯಷ್ಟು ಹಣವನ್ನು ತೆಗೆಯುತ್ತಾ ಹೋದರೆ ಹತ್ತನೆಯ ಪಾವತಿಯ ನಂತರ ಖಾತೆ ಖಾಲಿಯಾಗಬೇಕು. ಮೊದಲ ವರ್ಷ ಬಡ್ಡಿ ಸೇರಿ 8,50,029, ಅದರಲ್ಲಿ 1,00,000 ಹೋದರೆ 7,50,029. ಎರಡನೆಯ ವರ್ಷ ಅದು 8,17,532 ಆಗಿ, 1,05,000 ಕಳೆದು 7,12,532 ಉಳಿಯುತ್ತದೆ. ಹೀಗೆ ಇಳಿಯುತ್ತಾ ಒಂಬತ್ತನೆಯ ಪಾವತಿಯ ನಂತರ 1,42,324 ಇರುತ್ತದೆ. ಕೊನೆಯ ವರ್ಷದ ಬಡ್ಡಿ ಸೇರಿದಾಗ ಅದು 1,55,133 ಆಗುತ್ತದೆ, ಹತ್ತನೆಯ ಬಾಡಿಗೆಯೂ ಅಷ್ಟೇ. ಸೂತ್ರವನ್ನು ಮುಟ್ಟದೆಯೇ ಮಾಡುವ ಪರೀಕ್ಷೆಯಾದ್ದರಿಂದ ಸೂತ್ರವನ್ನು ತಪ್ಪಾಗಿ ನೆನಪಿಟ್ಟುಕೊಂಡವರ ತಪ್ಪೂ ಇದರಲ್ಲಿ ಬಯಲಾಗುತ್ತದೆ. ಕೊನೆಯಲ್ಲಿ ಹಣ ಉಳಿದರೆ ಮೌಲ್ಯವನ್ನು ಹೆಚ್ಚಾಗಿ ಕಟ್ಟಿದ್ದೀರಿ, ಸಾಲದೆ ಬಂದರೆ ಕಡಿಮೆಯಾಗಿ.

ಮೊದಲ ಪಾವತಿ ಯಾವುದು, ಎಂದು

ಹೆಚ್ಚಿನ ತಪ್ಪುಗಳು ಹುಟ್ಟುವ ಜಾಗ ಇದು. ಸೂತ್ರ ಎರಡು ಸಂಗತಿಗಳನ್ನು ಹೇಳದೆಯೇ ಒಪ್ಪಿಕೊಂಡಿರುತ್ತದೆ: `C` ಎಂಬುದು ನಿಜವಾಗಿ ಕೈಗೆ ಬರುವ ಮೊದಲ ಮೊತ್ತ, ಮತ್ತು ಅದು ಇಂದಿನಿಂದ ಒಂದು ವರ್ಷಕ್ಕೆ ಬರುತ್ತದೆ. ಕರಾರು ಪತ್ರಗಳು ಈ ಎರಡನ್ನೂ ಅಷ್ಟು ಬಿಡಿಸಿ ಹೇಳುವುದಿಲ್ಲ.

"ಸದ್ಯದ ಬಾಡಿಗೆ 1,00,000, ಮುಂದೆ ಪ್ರತಿವರ್ಷ ಶೇ. 5 ಏರಿಕೆ" ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಸದ್ಯದ ಬಾಡಿಗೆ ಈಗಾಗಲೇ ಸಂದಾಯವಾಗಿದ್ದರೆ ಅದು 0ರ ಮೇಲಿನ ಮೊತ್ತ, ಹಕ್ಕು ಕೊಳ್ಳುವವನಿಗೆ ಅದು ಸಿಗುವುದಿಲ್ಲ. ಅವನಿಗೆ ಸಿಗುವ ಮೊದಲ ಪಾವತಿ 1,05,000. ಆಗ `C`ಗೆ 1,05,000 ಹಾಕಬೇಕು, ಮೌಲ್ಯ 8,18,835 ಆಗುತ್ತದೆ. ಒಂದು ವಾಕ್ಯವನ್ನು ಎರಡು ರೀತಿಯಲ್ಲಿ ಓದಿದ್ದಕ್ಕೆ 38,992ರ ವ್ಯತ್ಯಾಸ. ಕಳೆದ ವರ್ಷದ ಸಂಬಳ, ಈಚೆಗೆ ಕೊಟ್ಟ ಡಿವಿಡೆಂಡ್, ಈಗಿನ ಖರ್ಚು ಮುಂತಾದವನ್ನು ಆಧಾರವಾಗಿಟ್ಟು ಲೆಕ್ಕ ಮಾಡುವಾಗಲೆಲ್ಲ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ಮೊತ್ತ ಇನ್ನು ಬರಬೇಕಾದದ್ದೇ, ಅಥವಾ ಬಂದು ಹೋದದ್ದೇ? ಬಂದು ಹೋದದ್ದಾದರೆ ಅದನ್ನು `1 + g`ಯಿಂದ ಒಮ್ಮೆ ಗುಣಿಸಿ, ಆಮೇಲೆ ಸೂತ್ರಕ್ಕೆ ಕೊಡಬೇಕು.

ಬಾಡಿಗೆ ವರ್ಷದ ಆರಂಭದಲ್ಲೇ ಬರುವುದಾದರೆ ವಿಚಾರ ಬೇರೆ. ಆಗ ಮೊದಲ 1,00,000 ಇಂದೇ ಬರುತ್ತದೆ, 1,05,000 ಒಂದು ವರ್ಷಕ್ಕೆ ಬರುತ್ತದೆ, ಹತ್ತನೆಯದು 9ರ ಮೇಲೆ ಬೀಳುತ್ತದೆ. ಪ್ರತಿ ಪಾವತಿಯೂ ಒಂದು ವರ್ಷ ಹತ್ತಿರಕ್ಕೆ ಬಂದಂತಾಯಿತು. ಆದ್ದರಿಂದ ಇಡೀ ಉತ್ತರವನ್ನು 1.09ರಿಂದ ಗುಣಿಸಿದರೆ ಸಾಕು: 8,50,029. ಗುಣಿಸಬೇಕಾದದ್ದು `1 + r`ನಿಂದ, `1 + g`ಯಿಂದ ಅಲ್ಲ. ಇಲ್ಲಿ ಮೊತ್ತಗಳು ಬದಲಾಗಿಲ್ಲ, ದಿನಗಳು ಮಾತ್ರ ಬದಲಾಗಿವೆ. ಹಿಂದಿನ ಪ್ರಸಂಗದಲ್ಲಿ ದಿನಗಳು ಅಲ್ಲೇ ಇದ್ದವು, ಮೊತ್ತಗಳು ಬದಲಾಗಿದ್ದವು. ಮೊತ್ತ ಬದಲಾದರೆ `g`, ದಿನ ಬದಲಾದರೆ `r` ಎಂಬ ಈ ಭೇದ ಮನಸ್ಸಿನಲ್ಲಿದ್ದರೆ ಯಾವುದರಿಂದ ಗುಣಿಸಬೇಕು ಎಂದು ಊಹಿಸುವ ಪ್ರಮೇಯವೇ ಬರುವುದಿಲ್ಲ.

ಪಾವತಿ ತಡವಾಗಿ ಶುರುವಾಗುವ ಸಂದರ್ಭವೂ ಇದೆ. ಕಟ್ಟಡ ಇನ್ನೂ ಮೇಲೇಳುತ್ತಿದ್ದು, ಮೊದಲ 1,00,000 ನಾಲ್ಕನೆಯ ವರ್ಷದ ಕೊನೆಯಲ್ಲಿ, ಅಂದರೆ 4ರ ಮೇಲೆ ಬರುವುದಾದರೆ ಸೂತ್ರ ಕೊಡುವ 7,79,843 ಯಾವ ದಿನದ ಮೌಲ್ಯ? ಸೂತ್ರ ಯಾವಾಗಲೂ ಮೊದಲ ಪಾವತಿಗೆ ಒಂದು ವರ್ಷ ಮುಂಚಿನ ದಿನದಲ್ಲಿ ನಿಂತು ಮಾತನಾಡುತ್ತದೆ, ಆದ್ದರಿಂದ ಅದು 3ನೆಯ ದಿನದ ಮೌಲ್ಯ. ಇಂದಿಗೆ ತರಲು 1.09ರಿಂದ ಮೂರು ಬಾರಿ ಭಾಗಿಸಬೇಕು: 6,02,182. ನಾಲ್ಕು ಎಂಬ ಸಂಖ್ಯೆ ಕರಾರಿನಲ್ಲಿ ಕಣ್ಣಿಗೆ ಬೀಳುವುದರಿಂದ ನಾಲ್ಕು ಬಾರಿ ಭಾಗಿಸಿಬಿಡುವುದು ಇಲ್ಲಿ ಪದೇ ಪದೇ ಕಾಣುವ ತಪ್ಪು.

ಎರಡು ದರಗಳು ಹತ್ತಿರ ಬಂದಾಗ

`r` ಮತ್ತು `g` ಸಮನಾದರೆ ಛೇದ ಸೊನ್ನೆಯಾಗುತ್ತದೆ, ಕ್ಯಾಲ್ಕುಲೇಟರ್ ದೋಷ ತೋರಿಸುತ್ತದೆ. ಆದರೆ ಸಮಸ್ಯೆಯಿರುವುದು ಸೂತ್ರದ ಬರವಣಿಗೆಯಲ್ಲಿ ಮಾತ್ರ, ಪಾವತಿಗಳಲ್ಲಿ ಅಲ್ಲ. ಬಾಡಿಗೆಯೂ ಶೇ. 9ರಂತೆ ಏರಿದರೆ ಕೋಷ್ಟಕದ ಮೂರನೆಯ ಕಂಬಸಾಲಿನ ಪ್ರತಿ ಮೊತ್ತವೂ 91,743 ಆಗಿ ನಿಂತುಬಿಡುತ್ತದೆ, ಅಂಥ ಹತ್ತು ಮೊತ್ತಗಳು ಸೇರಿ 9,17,431. ಸೂತ್ರವಾಗಿ ಬರೆದರೆ:

```
PV = n × C / (1 + r)        (r = g ಆದಾಗ)
```

ಏರಿಕೆ ದರ ಡಿಸ್ಕೌಂಟ್ ದರವನ್ನು ಮೀರಿದರೂ ಭಯಪಡಬೇಕಿಲ್ಲ. `g` ಶೇ. 11 ಆದರೆ ಛೇದ −0.02, ಆವರಣದ ಬೆಲೆ −0.1994, ಋಣವನ್ನು ಋಣದಿಂದ ಭಾಗಿಸಿ ಧನ ಉತ್ತರವೇ ಬರುತ್ತದೆ, 9,97,011. ಕೊನೆಯಿಲ್ಲದ ಸಾಲಿಗೆ `r` ಹೆಚ್ಚಿರಲೇಬೇಕು ಎಂಬ ನಿಯಮವನ್ನು ಕಲಿತವರು ಅದನ್ನು ಇಲ್ಲಿಗೂ ಎಳೆದು ತರುತ್ತಾರೆ. ನಿಗದಿತ ವರ್ಷಗಳಿಗೆ ನಿಲ್ಲುವ ಸಾಲಿಗೆ ಆ ನಿಬಂಧನೆ ಇಲ್ಲ.

ನಿಜವಾಗಿ ಅಪಾಯವಿರುವುದು ದರಗಳು ಸಮನಾಗದೆ ಬಹಳ ಹತ್ತಿರವಿರುವಾಗ. `g` ಶೇ. 8.9 ಎಂದಿಟ್ಟುಕೊಳ್ಳಿ. ಸರಿಯಾದ ಉತ್ತರ 9,13,653. ಆದರೆ 1.089 ÷ 1.09 ಎಂಬ ಅನುಪಾತವನ್ನು ನಾಲ್ಕು ದಶಮಾಂಶಕ್ಕೆ ಸರಿಹೊಂದಿಸಿ 0.9991 ಎಂದು ಬರೆದುಕೊಂಡು ಮುಂದುವರಿದರೆ 8,96,364 ಬರುತ್ತದೆ. ಅನುಪಾತದಲ್ಲಿ ಕಣ್ಣಿಗೆ ಕಾಣದಷ್ಟಿದ್ದ ವ್ಯತ್ಯಾಸ 0.001ರಿಂದ ಭಾಗಿಸಿದಾಗ ಸಾವಿರ ಪಟ್ಟು ಹಿಗ್ಗಿ, 17,000ಕ್ಕೂ ಮಿಕ್ಕ ತಪ್ಪಾಗಿ ನಿಲ್ಲುತ್ತದೆ. ಆದ್ದರಿಂದ ನಡುವಿನ ಯಾವ ಸಂಖ್ಯೆಯನ್ನೂ ಸರಿಹೊಂದಿಸದೆ ಕ್ಯಾಲ್ಕುಲೇಟರಿನ ನೆನಪಿನಲ್ಲೇ ಇಟ್ಟುಕೊಂಡು, ಕೊನೆಯ ಉತ್ತರವನ್ನು ಮಾತ್ರ ಸರಿಹೊಂದಿಸಬೇಕು.

ಸ್ಪ್ರೆಡ್‌ಶೀಟಿನಲ್ಲಿ

ಸಾಮಾನ್ಯವಾಗಿ ಬಳಸುವ ಸ್ಪ್ರೆಡ್‌ಶೀಟುಗಳಲ್ಲಿ ಏರದ ಪಾವತಿಗಳಿಗೆ `PV` ಎಂಬ ಫಂಕ್ಷನ್ ಇದೆ, ಏರುವ ಪಾವತಿಗಳಿಗಾಗಿಯೇ ಮಾಡಿದ್ದು ಇಲ್ಲ. ಆದರೆ ಒಂದು ಸಣ್ಣ ಉಪಾಯದಿಂದ ಅದೇ ಫಂಕ್ಷನ್ನನ್ನು ದುಡಿಸಿಕೊಳ್ಳಬಹುದು. 1.09ನ್ನು 1.05ರಿಂದ ಭಾಗಿಸಿ ಒಂದು ಕಳೆದರೆ ಶೇ. 3.8095 ಸಿಗುತ್ತದೆ. ಏರಿಕೆಯನ್ನು ನುಂಗಿಕೊಂಡ ನಂತರ ಉಳಿಯುವ ನಿವ್ವಳ ಡಿಸ್ಕೌಂಟ್ ದರ ಇದು. ಈ ದರದಲ್ಲಿ, ಮೊದಲ ಪಾವತಿಯನ್ನು 1.05ರಿಂದ ಭಾಗಿಸಿದ ಮೊತ್ತವನ್ನು ಏರದ ಪಾವತಿಯೆಂದು ಕೊಟ್ಟರೆ ಅದೇ 7,79,843 ಬರುತ್ತದೆ. B1ರಲ್ಲಿ ಮೊದಲ ಪಾವತಿ, B2ರಲ್ಲಿ `r`, B3ರಲ್ಲಿ `g`, B4ರಲ್ಲಿ `n` ಇಟ್ಟು ಹೀಗೆ ಬರೆಯಿರಿ:

```
=-PV((1+B2)/(1+B3)-1, B4, B1/(1+B3))
```

ಮುಂದಿರುವ ಋಣಚಿಹ್ನೆ ಬೇಕೇ ಬೇಕು. ಆ ಫಂಕ್ಷನ್ ಬರುವ ಹಣಕ್ಕೂ ಹೋಗುವ ಹಣಕ್ಕೂ ವಿರುದ್ಧ ಚಿಹ್ನೆ ಕೊಡುತ್ತದೆ. ಈ ವಿಧಾನದ ದೊಡ್ಡ ಅನುಕೂಲವೆಂದರೆ ಎರಡು ದರಗಳು ಸಮನಾದಾಗಲೂ ಇದು ಮುರಿದು ಬೀಳುವುದಿಲ್ಲ: ನಿವ್ವಳ ದರ ಸೊನ್ನೆಯಾದರೆ `PV` ಪಾವತಿಯನ್ನು ವರ್ಷಗಳ ಸಂಖ್ಯೆಯಿಂದ ಸುಮ್ಮನೆ ಗುಣಿಸುತ್ತದೆ, ನಮಗೆ ಬೇಕಾದದ್ದೂ ಅದೇ.

ಇದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆ. ಹಣದುಬ್ಬರವನ್ನು ಕಳೆದ ನೈಜ ದರವನ್ನು `r` ಆಗಿ ತೆಗೆದುಕೊಂಡು, `g`ಯಲ್ಲಿ ಹಣದುಬ್ಬರ ಸೇರಿದ ಏರಿಕೆಯನ್ನು ಹಾಕಿದರೆ ಹಣದುಬ್ಬರದ ಲಾಭವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ, ಮೌಲ್ಯ ಉಬ್ಬುತ್ತದೆ. ಎರಡರಲ್ಲೂ ಹಣದುಬ್ಬರ ಇರಬೇಕು, ಇಲ್ಲವೇ ಎರಡರಲ್ಲೂ ಇರಬಾರದು.

ಹಿಮ್ಮುಖವಾಗಿ: ಇಡುಗಂಟಿನಿಂದ ಮೊದಲ ಪಾವತಿ

ಮೌಲ್ಯ ಗೊತ್ತಿದ್ದು ಮೊದಲ ಪಾವತಿ ಬೇಕಾದ ಸಂದರ್ಭಗಳೇ ದಿನನಿತ್ಯದಲ್ಲಿ ಹೆಚ್ಚು. ಒಬ್ಬರ ಬಳಿ 20,00,000 ಇದೆ. ಅದು ವರ್ಷಕ್ಕೆ ಶೇ. 7 ಗಳಿಸುತ್ತದೆ, ಖರ್ಚು ಶೇ. 4ರಂತೆ ಏರುತ್ತದೆ, ಹಣ 20 ವರ್ಷ ಬರಬೇಕು. ಮೊದಲ ವರ್ಷದ ಕೊನೆಯಲ್ಲಿ ಎಷ್ಟು ತೆಗೆಯಬಹುದು?

```
C = PV × (r − g) / [ 1 − ((1 + g) / (1 + r))^n ]
```

1.04/1.07ರ ಇಪ್ಪತ್ತನೆಯ ಘಾತ 0.566228, ಒಂದರಿಂದ ಕಳೆದರೆ 0.433772. 0.03ನ್ನು ಅದರಿಂದ ಭಾಗಿಸಿ 20,00,000ದಿಂದ ಗುಣಿಸಿದರೆ 1,38,321. ಖರ್ಚಿಗೆ ವರ್ಷದ ಆರಂಭದಲ್ಲೇ ಹಣ ಬೇಕಿದ್ದರೆ ಇದನ್ನು 1.07ರಿಂದ ಭಾಗಿಸಬೇಕು, ಆಗ 1,29,272. ಏರಿಕೆಯನ್ನೇ ಲೆಕ್ಕಿಸದೆ ಪ್ರತಿವರ್ಷದ ಕೊನೆಯಲ್ಲೂ ಒಂದೇ ಮೊತ್ತ ತೆಗೆಯುವುದಾದರೆ 1,88,786 ಸಿಗುತ್ತಿತ್ತು. ಕೊನೆಯ ವರ್ಷ 2,91,000ಕ್ಕೂ ಹೆಚ್ಚು ಕೈಗೆ ಬರಬೇಕೆಂದರೆ ಮೊದಲ ವರ್ಷ 50,000ದಷ್ಟು ಕಡಿಮೆಯಲ್ಲಿ ಸುಧಾರಿಸಿಕೊಳ್ಳಬೇಕು ಎಂದಾಯಿತು.

ಈ ಇಡುಗಂಟು ಕರಗುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲ ವರ್ಷದ ಗಳಿಕೆ 1,40,000, ತೆಗೆದದ್ದು 1,38,321. ವರ್ಷದ ಕೊನೆಗೆ ಖಾತೆಯಲ್ಲಿ 20,01,679 ಇರುತ್ತದೆ, ಅಂದರೆ ಹಣ ತೆಗೆದ ಮೇಲೂ ಇಡುಗಂಟು ಬೆಳೆದಿದೆ! ಇದನ್ನು ಕಂಡು ತೀರಾ ಕೈಬಿಗಿ ಹಿಡಿದೆವೆಂದು ಭಾವಿಸಿ ಎರಡನೆಯ ವರ್ಷ ಹೆಚ್ಚು ತೆಗೆಯುವವರಿದ್ದಾರೆ. ಎರಡನೆಯ ವರ್ಷದಿಂದಲೇ ಶೇಷ ಇಳಿಯತೊಡಗುತ್ತದೆ, ಮೊದಲು ನಿಧಾನವಾಗಿ, ಕೊನೆಯ ವರ್ಷಗಳಲ್ಲಿ ರಭಸದಿಂದ. ಏರುವ ಪಾವತಿಗಳ ಭಾರವೆಲ್ಲ ಕೊನೆಯ ವರ್ಷಗಳಲ್ಲಿ ಇರುವುದರಿಂದ ಆರಂಭದ ಶೇಷ ನೋಡಿ ಯೋಜನೆ ಸರಿಯಿದೆಯೇ ಎಂದು ಹೇಳಲಾಗದು. ಇಪ್ಪತ್ತೂ ವರ್ಷಗಳ ಸಾಲನ್ನು ಬರೆದು ಕೊನೆಯಲ್ಲಿ ಸೊನ್ನೆ ಬರುತ್ತದೆಯೇ ಎಂದು ನೋಡುವುದೊಂದೇ ದಾರಿ. ಗಳಿಕೆ ಪ್ರತಿವರ್ಷ ತಪ್ಪದೆ ಶೇ. 7 ಎಂಬುದು ಸೂತ್ರದ ಊಹೆ ಮಾತ್ರ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೊದಲ ಕೆಲವು ವರ್ಷಗಳಲ್ಲಿ ಗಳಿಕೆ ಕುಸಿದರೆ ಸರಾಸರಿ ಶೇ. 7 ಬಂದರೂ ಹಣ ಅವಧಿಗೆ ಮುಂಚೆ ಮುಗಿಯಬಹುದು.

ಸೂತ್ರ ಒಗ್ಗದ ಎರಡು ಸಂದರ್ಭಗಳು

ಮೊದಲನೆಯದು, ಏರಿಕೆ ಶೇಕಡಾವಾರು ಆಗಿರದೆ ನಿಗದಿತ ಮೊತ್ತವಾಗಿರುವುದು. "ಪ್ರತಿವರ್ಷ 5,000 ಹೆಚ್ಚಳ" ಎಂಬ ಕರಾರು ಮೊದಲ ವರ್ಷ ನೋಡಲು ಶೇ. 5ರ ಹಾಗೆಯೇ ಇರುತ್ತದೆ, ಎರಡನೆಯ ಪಾವತಿ ಎರಡರಲ್ಲೂ 1,05,000. ಆದರೆ ಹತ್ತನೆಯ ಪಾವತಿ ಇಲ್ಲಿ 1,45,000 ಮಾತ್ರ. ಇದು ಸಮಾಂತರ ಶ್ರೇಢಿ, ನಮ್ಮ ಸೂತ್ರದ ಹಿಂದಿರುವುದು ಗುಣೋತ್ತರ ಶ್ರೇಢಿ. ಒಂದೊಂದಾಗಿ ಇಂದಿನ ಮೌಲ್ಯಕ್ಕಿಳಿಸಿ ಕೂಡಿದರೆ 7,63,630 ಬರುತ್ತದೆ, ಸೂತ್ರ ಬಳಸಿದವರು 16,000ಕ್ಕೂ ಹೆಚ್ಚು ಕೊಟ್ಟಿರುತ್ತಾರೆ. ಯಾವುದೆಂದು ತಿಳಿಯಲು ಮೂರನೆಯ ಪಾವತಿಯನ್ನು ನೋಡಿ: 1,10,250 ಇದ್ದರೆ ಸೂತ್ರ ಬಳಸಬಹುದು, 1,10,000 ಇದ್ದರೆ ಆಗದು.

ಎರಡನೆಯದು, ಪಾವತಿ ತಿಂಗಳಿಗೊಮ್ಮೆ ಬಂದು ಏರಿಕೆ ವರ್ಷಕ್ಕೊಮ್ಮೆ ಆಗುವುದು. ಬಾಡಿಗೆಗಳ ಮಟ್ಟಿಗೆ ಇದೇ ಹೆಚ್ಚು ಸಾಮಾನ್ಯ. ಎರಡೂ ದರಗಳನ್ನು 12ರಿಂದ ಭಾಗಿಸಿ `n`ಗೆ 120 ಹಾಕಿಬಿಡುವುದು ಸುಲಭವಾಗಿ ಕಾಣುತ್ತದೆ, ಆದರೆ ಹಾಗೆ ಮಾಡಿದರೆ ಬಾಡಿಗೆ ಪ್ರತಿ ತಿಂಗಳೂ ಚೂರುಚೂರು ಏರುತ್ತದೆ ಎಂದು ಹೇಳಿದಂತಾಗುತ್ತದೆ. ಸರಿಯಾದ ದಾರಿ ಎರಡು ಹಂತದ್ದು. ತಿಂಗಳ ಕೊನೆಯಲ್ಲಿ 10,000ದಂತೆ ಬರುತ್ತಿದ್ದರೆ, ಮೊದಲು ಒಂದು ವರ್ಷದ ಹನ್ನೆರಡು ಕಂತುಗಳನ್ನು ವರ್ಷದ ಕೊನೆಯ ಒಂದೇ ಮೊತ್ತವಾಗಿ ಮಾರ್ಪಡಿಸಿ. ವಾರ್ಷಿಕ ಶೇ. 9ಕ್ಕೆ ಸಮನಾದ ಮಾಸಿಕ ದರ 1.09ರ ಹನ್ನೆರಡನೆಯ ಮೂಲದಿಂದ ಒಂದು ಕಳೆದದ್ದು, ಅಂದರೆ ಶೇ. 0.7207, ಆ ದರದಲ್ಲಿ ಬಡ್ಡಿ ಸೇರಿಸುತ್ತಾ ಕೂಡಿದರೆ ವರ್ಷದ ಕೊನೆಗೆ 1,24,873 ಆಗುತ್ತದೆ. ಮುಂದಿನ ವರ್ಷ ಪ್ರತಿ ಕಂತೂ ಶೇ. 5 ಏರುವುದರಿಂದ ಈ ಮೊತ್ತವೂ ಶೇ. 5 ಏರುತ್ತದೆ, ಆದ್ದರಿಂದ ಇದನ್ನೇ `C` ಎಂದು ಹಿಡಿದು ಹಿಂದೆ ಬರೆದಿಟ್ಟುಕೊಂಡ 7.798433 ಎಂಬ ಗುಣಕದಿಂದ ಗುಣಿಸಿದರೆ ಸುಮಾರು 9,73,800 ಸಿಗುತ್ತದೆ. ವರ್ಷಕ್ಕೆ 1,20,000 ಎಂದು ಸುಮ್ಮನೆ ಕೂಡಿಕೊಂಡು ಅದೆಲ್ಲ ವರ್ಷದ ಕೊನೆಯಲ್ಲೇ ಬಂತೆಂದು ಲೆಕ್ಕ ಹಾಕಿದ್ದರೆ ಸಿಗುತ್ತಿದ್ದುದು 9,35,812 ಮಾತ್ರ. ಉಳಿದ 38,000ದಷ್ಟು ಹಣ ಕಂತುಗಳು ವರ್ಷದ ನಡುವೆಯೇ ಕೈಸೇರಿದ್ದಕ್ಕೆ ಸಿಗುವ ಬೆಲೆ.